ನಿರೂಪಕರಿಗೆ ಬರೆಯುವ ಸೂಚನೆಗಳು: ಏಳು ಸಾಲುಗಳ ಪರಿಶೀಲನೆ

ಸಾಕ್ಷ್ಯಚಿತ್ರದ ಹಿನ್ನೆಲೆಯಲ್ಲಿ ಕೇಳಿಬರುವ ಮಾತನ್ನು ಬರೆಯುವವರು ಒಬ್ಬರು, ನುಡಿಯುವವರು ಇನ್ನೊಬ್ಬರು. ಈ ಇಬ್ಬರ ನಡುವೆ ಒಂದು ಕಾಗದ ಹೋಗಿಬರುತ್ತದೆ. ಅದರ ಎಡಬದಿಯಲ್ಲಿ ನುಡಿಯಬೇಕಾದ ಸಾಲುಗಳಿರುತ್ತವೆ. ಬಲಬದಿಯಲ್ಲಿ ಯಾವ ಪದಕ್ಕೆ ಒತ್ತು, ಎಲ್ಲಿ ವಿರಾಮ, ಯಾವ ಭಾವ ಎಂಬ ಸೂಚನೆಗಳಿರುತ್ತವೆ. ಚಿತ್ರ ಮುಗಿದ ಮೇಲೆ ಈ ಕಾಗದವನ್ನು ಯಾರೂ ಜೋಪಾನ ಮಾಡುವುದಿಲ್ಲವಾದ್ದರಿಂದ ವಿಮರ್ಶೆಯ ಕಣ್ಣು ಅದರ ಮೇಲೆ ಬಿದ್ದಿರುವುದು ಕಡಿಮೆ. ನಮ್ಮ ಕೈಯಲ್ಲಿ ಅಂತಹ ಒಂದು ಕಾಗದ ಉಳಿದಿದೆ. ಅದು ನಾವೇ ಬರೆದದ್ದು. ಅದರಲ್ಲಿನ ತಪ್ಪುಗಳೂ ನಮ್ಮವೇ. ಇನ್ನೊಬ್ಬರ ಬರಹವನ್ನು ಎತ್ತಿಕೊಂಡು ದೋಷ ತೋರಿಸುವುದಕ್ಕಿಂತ ಇದನ್ನೇ ಪರಿಶೀಲಿಸುವುದು ನ್ಯಾಯವೆಂದು ತೋರಿದುದರಿಂದ ಈ ಲೇಖನಕ್ಕೆ ತೊಡಗಿದ್ದೇವೆ.

ಬಯಲುಸೀಮೆಯ ಒಂದು ಊರಿನ ಕೆರೆಯನ್ನು ಕುರಿತ ಕಿರುಚಿತ್ರಕ್ಕೆ ನಿರೂಪಣೆಯನ್ನು ಬರೆದುಕೊಡುವ ಕೆಲಸ ನಮಗೆ ಬಂದಿತ್ತು. ನುಡಿಯುವವರು ನಾಟಕ ರೂಪಕಗಳನ್ನು ಬಹುಕಾಲ ಓದಿ ಪಳಗಿದ ಹಿರಿಯರು. ಆ ಊರನ್ನು ಅವರು ಕಂಡಿರಲಿಲ್ಲ. ಚಿತ್ರದ ನಡುವಿನ ಏಳು ಸಾಲುಗಳು ಹೀಗಿದ್ದವು:

1. ಕೆರೆಯ ಏರಿ ಅರ್ಧ ಮೈಲಿ ಉದ್ದವಾಗಿದೆ.
2. ಏರಿಯ ಕೆಳಗೆ, ಮೂರು ತಲೆಮಾರುಗಳಿಂದ ಗದ್ದೆ ಮಾಡಿಕೊಂಡು ಬಂದ ನಲವತ್ತು ಮನೆಗಳಿವೆ.
3. ತೂಬನ್ನು ಎತ್ತುವ ಹಕ್ಕು ನೀರುಗಂಟಿಯದು.
4. ಅವನು ಎತ್ತಿದರೆ ನೀರು; ಅವನು ಇಳಿಸಿದರೆ ನಿಲುಗಡೆ.
5. ಹನ್ನೆರಡು ವರ್ಷಗಳಿಂದ ಈ ತೂಬನ್ನು ಯಾರೂ ಎತ್ತಿಲ್ಲ.
6. ನೀರುಗಂಟಿ ಈಗಲೂ ಬೆಳಿಗ್ಗೆ ಏರಿಯ ಮೇಲೆ ಬಂದು ನಿಲ್ಲುತ್ತಾನೆ.
7. ಕೆರೆಯಲ್ಲಿ ನೀರಿಲ್ಲ.

ಪಟ್ಟಣದ ವಾಚಕರಿಗಾಗಿ ಒಂದು ಮಾತು. ಏರಿ ಎಂದರೆ ಕೆರೆಯ ಕಟ್ಟೆ. ತೂಬು ಎಂದರೆ ನೀರನ್ನು ಗದ್ದೆಗೆ ಬಿಡುವ ಕಂಡಿ. ಸರದಿಯ ಪ್ರಕಾರ ತೂಬನ್ನು ತೆರೆದು ಮುಚ್ಚಿ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚುವವನು ನೀರುಗಂಟಿ. ಅದು ವಂಶಪಾರಂಪರ್ಯವಾಗಿ ಬರುವ ಹೊಣೆ. ಹಂಚಿಕೆಯಲ್ಲಿ ಪಕ್ಷಪಾತ ಮಾಡಿದನೆಂಬ ಮಾತಿಗಿಂತ ದೊಡ್ಡ ನಿಂದೆ ನೀರುಗಂಟಿಗೆ ಬೇರೊಂದಿಲ್ಲ.

ಈ ಏಳು ಸಾಲುಗಳಿಗೆ ನಾವು ಮೊದಲು ಬರೆದ ಸೂಚನೆಗಳು ಇವು. ಒಂದನೆಯದಕ್ಕೆ ‘ಗಂಭೀರವಾಗಿ’. ಎರಡನೆಯದಕ್ಕೆ ‘ಆತ್ಮೀಯವಾಗಿ’. ಮೂರನೆಯದರಲ್ಲಿ ‘ನೀರುಗಂಟಿಯದು’ ಎಂಬುದರ ಕೆಳಗೆ ಗೆರೆ. ನಾಲ್ಕನೆಯದಕ್ಕೆ ‘ಲಯಬದ್ಧವಾಗಿ’. ಐದನೆಯದರಲ್ಲಿ ‘ಹನ್ನೆರಡು ವರ್ಷಗಳಿಂದ’, ‘ಯಾರೂ’, ‘ಎತ್ತಿಲ್ಲ’ ಎಂಬ ಮೂರರ ಕೆಳಗೂ ಗೆರೆ. ‘ಯಾರೂ’ ಎಂಬುದರ ಕೆಳಗೆ ಎರಡು ಗೆರೆ. ಆರನೆಯದಕ್ಕೆ ‘ದುಃಖದಿಂದ, ಕಂಠ ತುಂಬಿ’. ಆರಕ್ಕೂ ಏಳಕ್ಕೂ ನಡುವೆ ‘3 ಸೆಕೆಂಡು ನಿಲುಗಡೆ’. ಏಳನೆಯದಕ್ಕೆ ‘ಪಿಸುಮಾತಿನಂತೆ’. ಈ ಬಗೆಯ ಕಾಗದಗಳನ್ನು ನೋಡಿ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಎಲ್ಲರೂ ಹೀಗೆಯೇ ಬರೆಯುತ್ತಾರೆ.

ನಿರೂಪಕರು ಇವನ್ನು ಚಾಚೂ ತಪ್ಪದೆ ಪಾಲಿಸಿದರು. ಧ್ವನಿಮುದ್ರಣದ ಕೊಠಡಿಯಲ್ಲಿ ಕೇಳಿದಾಗ ನಮಗೆ ಚೆನ್ನಾಗಿಯೇ ತೋರಿತು. ಕಡೆಯ ರೂಪ ಕೊಡುವ ಮುನ್ನ ಊರಿನವರಿಗೆ ಒಮ್ಮೆ ತೋರಿಸಬೇಕೆಂದು ಶಾಲೆಯ ಜಗಲಿಯಲ್ಲಿ ಪರದೆ ಕಟ್ಟಿ ತೋರಿಸಿದೆವು. ಐದನೆಯ ಸಾಲು ಮುಗಿದು ಆರನೆಯದು ತೊಡಗುವಷ್ಟರಲ್ಲಿ ನೀರುಗಂಟಿಯ ಮಗ ಎದ್ದು ನಿಂತು, “ನಮ್ಮಪ್ಪ ತೂಬು ಎತ್ತಲಿಲ್ಲ ಅಂತ ಊರಿಗೆಲ್ಲಾ ಹೇಳ್ತಿದ್ದೀರಲ್ಲ ಸ್ವಾಮಿ, ಎತ್ತೋಕೆ ನೀರೆಲ್ಲಿತ್ತು?” ಎಂದರು. ಚಿತ್ರವನ್ನು ನಿಲ್ಲಿಸಬೇಕಾಯಿತು. ಮುದುಕರು ಮಗನ ಕೈ ಹಿಡಿದು ಕೂರಿಸಿದರು. ತಾವು ಒಂದು ಮಾತನ್ನೂ ಆಡಲಿಲ್ಲ.

ಬರೆದ ಸಾಲಿನಲ್ಲಿ ಆ ಆರೋಪವಿಲ್ಲ. ಕೇಳಿದ ಸಾಲಿನಲ್ಲಿ ಅದು ಇತ್ತು. ಅದನ್ನು ಅಲ್ಲಿಗೆ ತಂದದ್ದು ‘ಯಾರೂ’ ಎಂಬುದರ ಕೆಳಗೆ ನಾವು ಎಳೆದ ಎರಡು ಗೆರೆಗಳು. ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಕನ್ನಡದಲ್ಲಿ ಒತ್ತು ಎಂಬುದು ಎಲ್ಲಿ ನೆಲೆಸಿದೆ ಎಂಬುದನ್ನು ಮೊದಲು ನೋಡಬೇಕು.

ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಹೆಚ್ಚು ಕದಲದು. ಆದುದರಿಂದ ಅಲ್ಲಿ ಯಾವ ಪದ ಮುಖ್ಯವೆಂಬುದನ್ನು ತಿಳಿಸುವ ಹೊರೆಯ ಬಹುಭಾಗವನ್ನು ಕಂಠವೇ ಹೊರುತ್ತದೆ. ಗೆರೆ ಎಳೆಯುವ ಪದ್ಧತಿ ಅಲ್ಲಿ ಸಹಜವಾಗಿ ಬೆಳೆಯಿತು. ಕನ್ನಡದಲ್ಲಿ ಆ ಹೊರೆಯನ್ನು ವಾಕ್ಯವೇ ಹೊರುತ್ತದೆ. ‘ನೀರುಗಂಟಿ ತೂಬನ್ನು ಎತ್ತುತ್ತಾನೆ’ ಎಂಬುದು ನೀರುಗಂಟಿ ಏನು ಮಾಡುತ್ತಾನೆಂಬ ಪ್ರಶ್ನೆಗೆ ಉತ್ತರ. ‘ತೂಬನ್ನು ನೀರುಗಂಟಿ ಎತ್ತುತ್ತಾನೆ’ ಎಂಬುದು ತೂಬನ್ನು ಯಾರು ಎತ್ತುತ್ತಾರೆಂಬ ಪ್ರಶ್ನೆಗೆ ಉತ್ತರ. ಎರಡನ್ನೂ ಒಂದೇ ಸಮನಾದ ದನಿಯಲ್ಲಿ ಓದಿದರೂ ಈ ಭೇದ ಉಳಿಯುತ್ತದೆ. ಕ್ರಿಯಾಪದಕ್ಕೆ ಒತ್ತಿಕೊಂಡು ಮುಂದೆ ನಿಂತ ಪದಕ್ಕೆ ಪ್ರಾಧಾನ್ಯ ತಾನಾಗಿ ಸಲ್ಲುತ್ತದೆ. ಇದು ಸಾಲದಾದಾಗ ಅವಧಾರಣೆಯ ‘ಏ’ ಇದೆ, ಸಮುಚ್ಚಯದ ‘ಊ’ ಇದೆ. ‘ನೀರುಗಂಟಿಯೇ ಎತ್ತುತ್ತಾನೆ’ ಎಂದಾಗ ಇತರರನ್ನು ಹೊರಗಿಡುವ ಕೆಲಸವನ್ನು ‘ಏ’ ಪೂರ್ತಿಯಾಗಿ ಮಾಡಿ ಮುಗಿಸಿರುತ್ತದೆ.

ಹೀಗೆ ವಾಕ್ಯ ಮಾಡಿ ಮುಗಿಸಿದ ಕೆಲಸವನ್ನು ಕಂಠವೂ ಮಾಡಲು ಹೋದರೆ ಮಾತಿನ ಬಲ ಇಮ್ಮಡಿಯಾಗುವುದೆಂದು ನಾವು ಭಾವಿಸುತ್ತೇವೆ. ಹಾಗಾಗದು. ಕೇಳುವವನು ಆ ಹೆಚ್ಚಿನ ಒತ್ತಿಗೆ ಒಂದು ಹೆಚ್ಚಿನ ಕಾರಣವನ್ನು ಹುಡುಕುತ್ತಾನೆ. ಮೂರನೆಯ ಸಾಲನ್ನು ನೋಡಿರಿ. ‘ತೂಬನ್ನು ಎತ್ತುವ ಹಕ್ಕು ನೀರುಗಂಟಿಯದು’ ಎಂಬಲ್ಲಿ ‘ನೀರುಗಂಟಿಯದು’ ಎಂಬುದೇ ವಿಧೇಯ. ವಾಕ್ಯ ಅಲ್ಲಿಗೆ ಬಂದು ನಿಲ್ಲುವುದಕ್ಕಾಗಿಯೇ ಹೊರಟದ್ದು. ಅದರ ಮೇಲೆ ಮತ್ತೂ ಒತ್ತು ಬಿದ್ದಾಗ ‘ಗೌಡನದಲ್ಲ, ಶಾನುಭೋಗನದಲ್ಲ’ ಎಂಬ ಆಡದ ಮಾತೊಂದು ಹಿಂದಿನಿಂದ ಕೇಳಿಸುತ್ತದೆ. ಆ ಹಕ್ಕನ್ನು ಕುರಿತು ಊರಿನಲ್ಲಿ ತಗಾದೆ ಇದ್ದಿತೋ ಎಂಬ ಅನುಮಾನ ಹುಟ್ಟುತ್ತದೆ. ನಮ್ಮ ಚಿತ್ರದಲ್ಲಿ ಅಂತಹ ತಗಾದೆಯ ಪ್ರಸ್ತಾಪವೇ ಇಲ್ಲ.

ಐದನೆಯ ಸಾಲಿಗೆ ಬರೋಣ. ಮೂರು ಪದಗಳ ಕೆಳಗೆ ಗೆರೆ ಎಳೆದರೆ ಯಾವುದರ ಕೆಳಗೂ ಎಳೆಯದಂತಾಯಿತು ಎಂಬುದು ಸುಲಭವಾಗಿ ಹೊಳೆಯುವ ಟೀಕೆ. ಅದಕ್ಕಿಂತ ಆಳವಾದ ದೋಷವೆಂದರೆ ಆ ಮೂರು ಗೆರೆಗಳು ಮೂರು ಬೇರೆ ಬೇರೆ ವಾಕ್ಯಗಳೆಂಬುದನ್ನು ನಾವು ಗಮನಿಸಲಿಲ್ಲ. ‘ಹನ್ನೆರಡು ವರ್ಷಗಳಿಂದ’ ಎಂಬುದಕ್ಕೆ ಒತ್ತು ಕೊಟ್ಟರೆ ಸಾಲು ಕಾಲದ ಮೇಲಿನ ದೂರಾಗುತ್ತದೆ. ಕಂದಾಯದ ಕಚೇರಿಗೆ ಬರೆದ ಅರ್ಜಿಯ ದನಿ ಬರುತ್ತದೆ. ‘ಎತ್ತಿಲ್ಲ’ ಎಂಬುದಕ್ಕೆ ಕೊಟ್ಟರೆ ಅದು ಸುದ್ದಿ. ‘ಯಾರೂ’ ಎಂಬುದಕ್ಕೆ ಕೊಟ್ಟರೆ ಅದು ಜನರ ಮೇಲಿನ ಮಾತು: ಎತ್ತಬಲ್ಲವರಿದ್ದರು, ಎತ್ತಬೇಕಾಗಿತ್ತು, ಎತ್ತಲಿಲ್ಲ. ‘ಯಾರೂ’ ಎಂಬಲ್ಲಿಯ ‘ಊ’ ಎಲ್ಲರನ್ನೂ ಒಳಗೊಳ್ಳುವ ಕೆಲಸವನ್ನು ಮೊದಲೇ ಮಾಡಿದೆ. ಅದರ ಮೇಲೆ ಕಂಠದ ಒತ್ತೂ ಬಿದ್ದಾಗ ಕೇಳುವವರು ಆ ‘ಎಲ್ಲರಲ್ಲಿ’ ಯಾರನ್ನು ಕುರಿತು ಹೇಳುತ್ತಿದ್ದಾರೆಂದು ಹುಡುಕಿದರು. ಎರಡೇ ಸಾಲಿನ ಹಿಂದೆ ಆ ಹಕ್ಕು ಒಬ್ಬನದೆಂದು ಅವರಿಗೆ ಹೇಳಿದ್ದೆವು. ಅದೂ ಗೆರೆ ಎಳೆದು! ಮೂರನೆಯ ಸಾಲಿನ ಒತ್ತು ಮತ್ತು ಐದನೆಯ ಸಾಲಿನ ಒತ್ತು ಎರಡೂ ಕೂಡಿ ಒಂದು ದೋಷಾರೋಪಣೆಯನ್ನು ಸಿದ್ಧಪಡಿಸಿದವು. ಇವನ್ನು ಒಂದೊಂದಾಗಿ ನೋಡಿ ಬರೆದ ನಮಗೆ ಅದು ಕಾಣಲಿಲ್ಲ. ಒಟ್ಟಿಗೆ ಕೇಳಿದ ಮಗನಿಗೆ ಕೇಳಿಸಿತು.

ಇದೇ ಸಾಲಿನಲ್ಲಿ ಇನ್ನೊಂದು ವಿಷಯವಿದೆ. ಇದು ಎಲ್ಲ ಕನ್ನಡ ನಿರೂಪಣೆಗೂ ಸಲ್ಲುತ್ತದೆ. ನಮ್ಮ ಭಾಷೆಯಲ್ಲಿ ನಿಷೇಧ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ‘ಎತ್ತಿಲ್ಲ’ ಎಂಬುದರ ಕಡೆಯ ಎರಡು ಅಕ್ಷರಗಳು ಕಿವಿಗೆ ಬೀಳದಿದ್ದರೆ ಇಡೀ ಸಾಲು ಬಿದ್ದುಹೋಗುತ್ತದೆ. ಆದರೆ ಉಸಿರು ಕುಗ್ಗುವುದೂ ದನಿ ಇಳಿಯುವುದೂ ಅಲ್ಲಿಯೇ. ಸಾಲಿನ ಆರಂಭದಲ್ಲಿ ಒತ್ತುಗಳನ್ನು ತುಂಬಿದಷ್ಟೂ ಕೊನೆಯಲ್ಲಿ ಉಸಿರು ಬಡವಾಗುತ್ತದೆ. ನಮ್ಮ ಮುದ್ರಣವನ್ನು ಮತ್ತೆ ಕೇಳಿದಾಗ ‘ಹನ್ನೆರಡು’ ಎಂಬುದು ಗಂಟೆ ಬಾರಿಸಿದಂತಿತ್ತು. ‘ಇಲ್ಲ’ ಎಂಬುದು ತುಟಿಯ ಚಲನೆ ಮಾತ್ರವಾಗಿತ್ತು. ಸೂಚನೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸರಳವಾದ ಪರೀಕ್ಷೆಯಿದೆ: ಮುದ್ರಿತವಾದುದನ್ನು ಪಕ್ಕದ ಕೊಠಡಿಯಲ್ಲಿ ಬೇರೊಂದು ಕೆಲಸದಲ್ಲಿರುವ ಒಬ್ಬರಿಗೆ ಕೇಳಿಸಿ, ಏನು ಹೇಳಿದರೆಂದು ವಿಚಾರಿಸಬೇಕು. ನಮ್ಮಲ್ಲಿ ಜವಾನರೊಬ್ಬರು, “ಹನ್ನೆರಡು ವರ್ಷದಿಂದ ಏನೋ ಎತ್ತುತ್ತಿದ್ದಾರಂತೆ” ಎಂದರು. ಈ ಪರೀಕ್ಷೆಯನ್ನು ನಾವು ಊರಿಗೆ ಹೋಗುವ ಮೊದಲು ಮಾಡಬೇಕಾಗಿತ್ತು.

ವಿರಾಮದ ವಿಚಾರದಲ್ಲಿ ನಮ್ಮ ಕಾಗದದ ತಪ್ಪು ಬೇರೆ ತರಹದ್ದು. ಅಲ್ಲಿ ಬರೆಯಬೇಕಾದುದನ್ನೇ ಬರೆದಿರಲಿಲ್ಲ. ಎರಡನೆಯ ಸಾಲಿಗೆ ‘ಆತ್ಮೀಯವಾಗಿ’ ಎಂದಷ್ಟೇ ಇತ್ತು. ಅದರಲ್ಲಿ ಒಂಬತ್ತು ಪದಗಳಿವೆ, ಮೂವತ್ತೆರಡು ಅಕ್ಷರಗಳಿವೆ. ‘ತಲೆಮಾರುಗಳಿಂದ’ ಎಂಬ ಒಂದೇ ಪದದಲ್ಲಿ ಏಳು ಅಕ್ಷರಗಳಿವೆ. ಪದಗಳನ್ನೆಣಿಸಿ ಕಾಲವನ್ನು ಲೆಕ್ಕ ಹಾಕುವ ರೂಢಿ ಇಂಗ್ಲಿಷ್ ನಿರೂಪಣೆಯಿಂದ ಬಂದುದು. ಕನ್ನಡದಲ್ಲಿ ಅಕ್ಷರಗಳನ್ನೆಣಿಸದಿದ್ದರೆ ಉಸಿರಿನ ಲೆಕ್ಕ ತಪ್ಪುತ್ತದೆ. ನಿರೂಪಕರು ಅಲ್ಪವಿರಾಮವಿದ್ದ ‘ಕೆಳಗೆ’ ಎಂಬಲ್ಲಿ ನಿಂತರಾದರೂ ಉಸಿರು ತೆಗೆದುಕೊಳ್ಳಲಿಲ್ಲ, ‘ಗದ್ದೆ ಮಾಡಿಕೊಂಡು ಬಂದ’ ಎಂಬುವಲ್ಲಿಗೆ ಉಸಿರು ಮುಗಿಯಿತು, ಅಲ್ಲಿ ನಿಂತರು.

ಕಣ್ಣಿನಿಂದ ಓದುವವನಿಗೆ ‘ಬಂದ’ ಎಂಬುದು ಮುಂದಿನ ‘ಮನೆಗಳ’ ವಿಶೇಷಣವೆಂದು ಕಾಣುತ್ತದೆ. ಕಿವಿಯಿಂದ ಕೇಳುವವನಿಗೆ ಮುಂದಿನ ಪದ ಇನ್ನೂ ಹುಟ್ಟಿಲ್ಲ. ಭೂತಕಾಲದ ಕೃದಂತವಾದ ‘ಬಂದ’ ಎಂಬುದೂ, ಆಡುಮಾತಿನಲ್ಲಿ ‘ಬಂದನು’ ಎಂಬ ಅರ್ಥ ಕೊಡುವ ‘ಬಂದ’ ಎಂಬುದೂ ರೂಪದಲ್ಲಿ ಒಂದೇ. ಅಲ್ಲಿ ವಿರಾಮ ಬಿದ್ದೊಡನೆ ಯಾರೋ ಒಬ್ಬ ಗದ್ದೆ ಮಾಡಿಕೊಂಡು ಬಂದನೆಂದು ವಾಕ್ಯ ಮುಗಿದುಹೋಗುತ್ತದೆ. ಆಮೇಲೆ ಬರುವ ನಲವತ್ತು ಮನೆಗಳು ಎಲ್ಲಿಗೂ ಸೇರದೆ ಬೀದಿಯಲ್ಲಿ ನಿಲ್ಲುತ್ತವೆ. ‘ಮಾಡಿದ’, ‘ಕಟ್ಟಿದ’, ‘ಬಿಟ್ಟ’, ‘ಹೋದ’ ಮುಂತಾದ ಎಲ್ಲ ರೂಪಗಳಿಗೂ ಈ ಅಪಾಯವಿದೆ. ಆದುದರಿಂದ ಕೃದಂತಕ್ಕೂ ಅದರ ನಾಮಪದಕ್ಕೂ ನಡುವೆ ಉಸಿರು ಬೀಳಬಾರದೆಂಬುದನ್ನು ಸೂಚನೆ ಬರೆಯುವವರು ಪ್ರತಿ ಸಾಲಿನಲ್ಲಿಯೂ ಹುಡುಕಿ ಗುರುತಿಸಬೇಕು. ಇದೊಂದನ್ನು ಮಾಡಿದರೆ ಅವರ ಕೆಲಸದ ಅರ್ಧ ಮುಗಿದಂತೆಯೇ ಎಂಬುದು ನಮ್ಮ ಅನುಭವ.

ಇದನ್ನು ಗುರುತಿಸಲು ನಮ್ಮ ಹಳೆಯ ಶಾಸ್ತ್ರದಲ್ಲಿಯೇ ಪದವಿದೆ. ಭರತನ ನಾಟ್ಯಶಾಸ್ತ್ರವು ಕಾಕುವನ್ನು ವಿವರಿಸುವ ಅಧ್ಯಾಯದಲ್ಲಿ ಪಠನದ ಆರು ಅಂಗಗಳನ್ನು ಹೇಳುತ್ತದೆ: ವಿಚ್ಛೇದ, ಅರ್ಪಣ, ವಿಸರ್ಗ, ಅನುಬಂಧ, ದೀಪನ, ಪ್ರಶಮನ. ವಿಚ್ಛೇದವೆಂದರೆ ವಿರಾಮದಿಂದಾಗುವ ಬಿಡಿಕೆ. ವಿಸರ್ಗವೆಂದರೆ ವಾಕ್ಯದ ಮುಕ್ತಾಯ. ಅನುಬಂಧವೆಂದರೆ ಪದಗಳ ನಡುವೆ ಉಸಿರು ಬಿಡದೆ ಕೂಡಿಸಿ ನುಡಿಯುವುದು. ವಿಚ್ಛೇದವನ್ನೂ ಅನುಬಂಧವನ್ನೂ ಬೇರೆ ಬೇರೆ ಅಂಗಗಳಾಗಿ ಎಣಿಸಿದುದರಲ್ಲಿ ಒಂದು ಸೂಕ್ಷ್ಮವಿದೆ. ನಿಲ್ಲದಿರುವುದೂ ಒಂದು ಕ್ರಿಯೆ. ಅದನ್ನೂ ಹೇಳಿ ಮಾಡಿಸಬೇಕು. ನಮ್ಮ ಕಾಗದಗಳಲ್ಲಿ ನಿಲ್ಲಬೇಕಾದ ಕಡೆಗೆ ಗುರುತುಂಟು. ನಿಲ್ಲಬಾರದ ಕಡೆಗೆ ಇಲ್ಲ. ವಿರಾಮವು ಅರ್ಥಕ್ಕೆ ಅಧೀನವೇ ಹೊರತು ಛಂದಸ್ಸಿಗೆ ಅಧೀನವಲ್ಲವೆಂಬುದೂ ಆ ಶಾಸ್ತ್ರದ ಮತ. ಭಾಮಿನಿ ಷಟ್ಪದಿಯನ್ನು ವಾಚಿಸುವ ಗಮಕಿಗಳು ಪಾದದ ಅಂತ್ಯದಲ್ಲಿ ನಿಲ್ಲದೆ ಅರ್ಥದ ಅಂತ್ಯಕ್ಕೆ ಸಾಗುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಾಕಾಂಕ್ಷ, ನಿರಾಕಾಂಕ್ಷ ಎಂಬ ಕಾಕುವಿನ ಎರಡು ಭೇದಗಳೂ ಸೂಚನೆ ಬರೆಯುವವರಿಗೆ ಬಹಳ ಉಪಯುಕ್ತ. ಅರ್ಥ ಇನ್ನೂ ಮುಗಿದಿಲ್ಲವೆಂದು ತಿಳಿಸುವ ದನಿ ಸಾಕಾಂಕ್ಷ. ಮುಗಿಯಿತೆಂದು ತಿಳಿಸುವುದು ನಿರಾಕಾಂಕ್ಷ. ‘ಏರಿಯ ಕೆಳಗೆ’ ಎಂದು ನಿಂತು ಉಸಿರು ತೆಗೆದುಕೊಂಡರೂ ದನಿ ಸಾಕಾಂಕ್ಷವಾಗಿದ್ದರೆ ಕೇಳುವವನು ಕಾಯುತ್ತಾನೆ. ಆಗ ಆ ವಿರಾಮ ಎಷ್ಟು ಉದ್ದವಾಗಿದ್ದರೂ ಬಾಧಕವಿಲ್ಲ. ದನಿ ನಿರಾಕಾಂಕ್ಷವಾಗಿ ಇಳಿದುಬಿಟ್ಟರೆ ಅರೆಗಳಿಗೆಯ ವಿರಾಮವೂ ಸಾಲನ್ನು ಕಡಿಯುತ್ತದೆ. ವಿರಾಮದ ಉದ್ದಕ್ಕಿಂತ ವಿರಾಮಕ್ಕೆ ಹೊಗುವ ದನಿಯ ಎತ್ತರ ಮುಖ್ಯವೆಂಬುದನ್ನು ‘3 ಸೆಕೆಂಡು’ ಎಂಬ ಬರಹ ತಿಳಿಸಲಾರದು.

ಆ ಸೆಕೆಂಡುಗಳ ಮಾತನ್ನೂ ಇಲ್ಲಿಯೇ ಮುಗಿಸೋಣ. ಆರನೆಯ ಸಾಲಾದ ಮೇಲೆ ಮೂರು ಸೆಕೆಂಡು ನಿಲ್ಲಬೇಕೆಂದು ಬರೆದುದರಿಂದ ನಿರೂಪಕರು ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದರು. ಎಣಿಸುವವನ ಮುಂದಿನ ಮಾತು ಎಚ್ಚರಗೊಂಡು ಬೆಚ್ಚಿದಂತೆ ಬರುತ್ತದೆ. ಇದು ಧ್ವನಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಇಷ್ಟಕ್ಕೂ ಆ ಮೂರು ಸೆಕೆಂಡುಗಳನ್ನು ನಿರೂಪಕರಿಂದ ಪಡೆಯಬೇಕಾಗಿಯೇ ಇಲ್ಲ. ಸಂಕಲನಕಾರರು ಎರಡು ಸಾಲುಗಳ ನಡುವೆ ಬೇಕಾದಷ್ಟು ಅವಕಾಶವನ್ನು ಚಿತ್ರಕ್ಕೆ ಹೊಂದಿಸಿ ಇಟ್ಟುಕೊಳ್ಳಬಲ್ಲರು. ಸಾಲಿನೊಳಗಿನ ವಿರಾಮ ನಿರೂಪಕರದು, ಸಾಲುಗಳ ನಡುವಣ ವಿರಾಮ ಸಂಕಲನಕಾರರದು ಎಂದು ವಿಭಾಗಿಸಿ ಎರಡು ಪ್ರತಿಗಳನ್ನು ಬರೆದರೆ ಇಬ್ಬರಿಗೂ ನೆಮ್ಮದಿ.

ಇನ್ನು ಭಾವ. ‘ದುಃಖದಿಂದ, ಕಂಠ ತುಂಬಿ’ ಎಂದು ಬರೆದಾಗ ನಾವು ಫಲವನ್ನು ಬರೆದೆವು. ಅದಕ್ಕೆ ಕಾರಣವಾದುದನ್ನು ಬರೆಯಲಿಲ್ಲ. ನಟನು ಭಾವವನ್ನೇ ನೇರವಾಗಿ ಹಿಡಿಯಲು ಹೋಗಬಾರದು, ಸನ್ನಿವೇಶದಲ್ಲಿ ತಾನು ಮಾಡಬೇಕಾದ ಕ್ರಿಯೆಯನ್ನು ಹಿಡಿಯಬೇಕು ಎಂಬುದು ರಷ್ಯದ ಸ್ಟಾನಿಸ್ಲಾವ್‌ಸ್ಕಿಯ ಬೋಧನೆಯ ತಿರುಳು. ನಿರೂಪಕನಿಗೆ ರಂಗವಿಲ್ಲ, ವೇಷವಿಲ್ಲ, ಎದುರು ಪಾತ್ರವಿಲ್ಲ. ಅವನಿಗೆ ಇದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ನಮ್ಮ ನಿರೂಪಕರು ಕಂಠ ತುಂಬಿ ಓದಿದರು, ಚೆನ್ನಾಗಿಯೇ ಓದಿದರು. ಆದರೆ ಪರದೆಯ ಮೇಲೆ ಮುದುಕರು ಸುಮ್ಮನೆ ನಿಂತಿದ್ದಾರೆ. ನಿಂತವರು ಅಳುತ್ತಿಲ್ಲ, ಕಾಣದ ಒಬ್ಬರು ಅವರ ಪರವಾಗಿ ಅಳುತ್ತಿದ್ದಾರೆ. ಕೇಳುವವರ ಗಮನ ನೀರುಗಂಟಿಯನ್ನು ಬಿಟ್ಟು ನಿರೂಪಕರ ಕಡೆಗೆ ತಿರುಗಿತು.

ಮುದ್ರಣದ ಎರಡನೆಯ ಸರದಿಗೆ ಮೊದಲು ನಿರೂಪಕರು ನಮ್ಮನ್ನು ಎರಡು ಪ್ರಶ್ನೆ ಕೇಳಿದರು. ಒಂದು: “ಈ ಆರನೆಯ ಸಾಲನ್ನು ನಾನು ಯಾರಿಗೆ ಹೇಳುತ್ತಿದ್ದೇನೆ? ಊರಿನವರಿಗೋ, ಊರನ್ನು ಕಾಣದವರಿಗೋ?” ಊರಿನವರಿಗೆ ಅದು ಸುದ್ದಿಯಲ್ಲ; ದಿನವೂ ನೋಡುತ್ತಾರೆ. ಕಾಣದವರಿಗಾದರೆ ಅದು ತಿಳಿವಳಿಕೆ. ನಾವು ಇದನ್ನು ಯೋಚಿಸಿಯೇ ಇರಲಿಲ್ಲ. ಎರಡನೆಯ ಪ್ರಶ್ನೆ ನಮ್ಮನ್ನು ನಾಚಿಸಿತು: “ಅಷ್ಟು ವಯಸ್ಸಾದವರನ್ನು ‘ನಿಲ್ಲುತ್ತಾನೆ’ ಎನ್ನುವುದೆ?” ಮೂರು ನಾಲ್ಕನೆಯ ಸಾಲುಗಳಲ್ಲಿ ‘ನೀರುಗಂಟಿ’ ಎಂಬುದು ಒಂದು ಹುದ್ದೆಯ ಹೆಸರು, ‘ಅವನು’ ಅಲ್ಲಿ ಒಪ್ಪುತ್ತದೆ. ಆರನೆಯದರಲ್ಲಿ ಅದೇ ಪದ ಏರಿಯ ಮೇಲೆ ನಿಂತ ಒಬ್ಬ ವ್ಯಕ್ತಿಯ ಹೆಸರು. ಅಲ್ಲಿ ‘ನಿಲ್ಲುತ್ತಾರೆ’ ಎಂದೇ ಆಗಬೇಕು. ಹುದ್ದೆಯಿಂದ ಮನುಷ್ಯನ ಕಡೆಗೆ ಮಾತು ತಿರುಗುವುದನ್ನು ಈ ಒಂದು ಪ್ರತ್ಯಯ ತೋರಿಸುತ್ತದೆ. ನಾವು ಕಂಠದಿಂದ ಬೇಡಿದ ಭಾವ ವ್ಯಾಕರಣದಲ್ಲಿಯೇ ಇತ್ತು. ಅದನ್ನು ಬರೆಯಲು ಮರೆತು ಅದರ ಕೊರತೆಯನ್ನು ಕಣ್ಣೀರಿನಿಂದ ತುಂಬಲು ಹೊರಟಿದ್ದೆವು.

ಏಳನೆಯ ಸಾಲಿನ ವಿಷಯದಲ್ಲಿ ನಮಗೂ ನಿರೂಪಕರಿಗೂ ಸ್ವಲ್ಪ ವಾದ ನಡೆಯಿತು. “ನೀರಿಲ್ಲದ್ದು ಕಣ್ಣಿಗೆ ಕಾಣುತ್ತದಲ್ಲ, ಬಾಯಲ್ಲಿ ಏಕೆ ಹೇಳಬೇಕು?” ಎಂಬುದು ಅವರ ಆಕ್ಷೇಪ. ಆದರೆ ಚಿತ್ರ ತೆಗೆದದ್ದು ಮಳೆ ಬಿದ್ದ ವಾರದಲ್ಲಿ. ಕೆರೆಯ ಅಂಗಳವೆಲ್ಲ ಜಾಲಿ ಬೆಳೆದು ಹಸಿರಾಗಿತ್ತು. ಕಂಡರಿಯದವರು ಅದನ್ನು ಕಾವಲೆಂದುಕೊಳ್ಳಬಹುದು. ಆದುದರಿಂದ ಆ ಸಂಗತಿ ಬೇಕು. ಬೇಡವಾದುದು ಅದು ನಿಂತಿದ್ದ ಸ್ಥಾನ. ಕೊನೆಯಲ್ಲಿ, ಮೂರು ಸೆಕೆಂಡುಗಳ ಮೌನದ ಹಿಂದೆ, ಪಿಸುಮಾತಿನಲ್ಲಿ ಬಂದಾಗ ಅದು ಒಗಟಿನ ಉತ್ತರದಂತಾಯಿತು. ಮೊದಲೇ ಹೇಳಬೇಕಾದುದನ್ನು ಬಚ್ಚಿಟ್ಟು ಕೊನೆಗೆ ತೋರಿಸಿದುದರಿಂದಲೇ ಐದನೆಯ ಸಾಲಿನಲ್ಲಿ ತೂಬನ್ನು ಎತ್ತದವರು ಅಪರಾಧಿಗಳಾಗಿ ಕಂಡರು. ಮಗನ ಪ್ರಶ್ನೆ ನಮ್ಮ ಏಳನೆಯ ಸಾಲನ್ನು ಐದನೆಯದರ ಜಾಗದಲ್ಲಿ ಕೇಳಿದ ಪ್ರಶ್ನೆ.

ಇಲ್ಲಿಗೆ ಬಂದಾಗ ಸೂಚನೆಯ ಮಿತಿಯೂ ಕಂಡಿತು. ‘ಯಾರೂ’ ಎಂಬುದರ ಕೆಳಗಿನ ಗೆರೆಯನ್ನು ಅಳಿಸಿ, ‘ಎತ್ತಿಲ್ಲ’ ಎಂಬುದಕ್ಕೆ ಉಸಿರು ಉಳಿಸಿಕೊಂಡು ಓದಿ ಎಂದು ಬರೆದು, ಒಮ್ಮೆ ಮುದ್ರಿಸಿ ನೋಡಿದೆವು. ಆರೋಪದ ಚುಚ್ಚು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸಾಲುಗಳ ಅನುಕ್ರಮದಲ್ಲಿರುವ ದೋಷವನ್ನು ಕಂಠದಿಂದ ತಿದ್ದಲಾಗದು. ಎಷ್ಟೋ ಕಾಗದಗಳ ಬಲಬದಿಯಲ್ಲಿ ಸೂಚನೆಗಳು ಗಿಜಿಗುಟ್ಟುವುದು ಎಡಬದಿಯ ಸಾಲುಗಳು ಸರಿಯಾಗಿಲ್ಲವೆಂಬುದರ ಲಕ್ಷಣವೆಂದು ಆಮೇಲೆ ನಮಗೆ ತೋರತೊಡಗಿದೆ. ಕೊನೆಯ ಮೂರು ಸಾಲುಗಳನ್ನು ಹೀಗೆ ಬದಲಿಸಿದೆವು:

5. ಹನ್ನೆರಡು ವರ್ಷಗಳಿಂದ ಈ ಕೆರೆಗೆ ನೀರು ಬಂದಿಲ್ಲ.
6. ತೂಬನ್ನು ಎತ್ತುವ ಕೆಲಸವೂ ಬಂದಿಲ್ಲ.
7. ನೀರುಗಂಟಿ ಈಗಲೂ ಬೆಳಿಗ್ಗೆ ಏರಿಯ ಮೇಲೆ ಬಂದು ನಿಲ್ಲುತ್ತಾರೆ.

ಈ ಸಲದ ಸೂಚನೆಗಳನ್ನು ಇದ್ದಂತೆಯೇ ಕೊಡುತ್ತೇವೆ. ನೆಟ್ಟಗಿನ ಒಂಟಿ ಗೆರೆ ಉಸಿರಿಲ್ಲದ ವಿರಾಮಕ್ಕೆ, ಜೋಡಿ ಗೆರೆ ಉಸಿರಿರುವ ವಿರಾಮಕ್ಕೆ, ಕೆಳಗಿನ ಕೊಂಡಿ ಅನುಬಂಧಕ್ಕೆ.

ಒಂದನೆಯ ಸಾಲಿಗೆ: ‘ಏರಿಯನ್ನು ನಡೆದು ಅಳೆದವರ ದನಿ. ಉದ್ದವನ್ನು ಹೊಗಳಬೇಡಿ.’

ಎರಡನೆಯದನ್ನು ‘ಏರಿಯ ಕೆಳಗೆ ‖ ಮೂರು ತಲೆಮಾರುಗಳಿಂದ | ಗದ್ದೆ ಮಾಡಿಕೊಂಡು ಬಂದ‿ನಲವತ್ತು ಮನೆಗಳಿವೆ’ ಎಂದು ಗುರುತಿಸಿ, ಕೆಳಗೆ: ‘ಮೊದಲ ವಿರಾಮದಲ್ಲಿ ದನಿ ಇಳಿಯಬಾರದು. ಉಸಿರು ಅಲ್ಲಿಯೇ ಪೂರ್ತಿ ತೆಗೆದುಕೊಳ್ಳಿ, ಮುಂದೆ ಅವಕಾಶವಿಲ್ಲ.’

ಮೂರನೆಯದಕ್ಕೆ: ‘ಯಾರೂ ಅಲ್ಲಗಳೆಯದ ಮಾತು. ಒತ್ತು ಬೇಡ.’

ನಾಲ್ಕನೆಯದಕ್ಕೆ: ‘ಎರಡು ಅರ್ಧಗಳೂ ಸಮನಾಗಿರುವುದರಿಂದ ಹಾಡಲು ಮನಸ್ಸಾಗುತ್ತದೆ, ಎರಡನೆಯ ಅರ್ಧವನ್ನು ತುಸು ಬೇಗ ಮುಗಿಸಿದರೆ ಹಾಡಾಗದು.’

ಐದನೆಯದನ್ನು ‘ಹನ್ನೆರಡು ವರ್ಷಗಳಿಂದ | ಈ ಕೆರೆಗೆ ನೀರು‿ಬಂದಿಲ್ಲ’ ಎಂದು ಗುರುತಿಸಿ: ‘ಆರಂಭವನ್ನು ಹಗುರವಾಗಿ. ಉಸಿರನ್ನು ಕೊನೆಯ ಪದಕ್ಕೆ ಉಳಿಸಿರಿ. “ಇಲ್ಲ” ಎಂಬುದು “ಹನ್ನೆರಡು” ಎಂಬುದಕ್ಕಿಂತ ಕುಗ್ಗಬಾರದು.’

ಆರನೆಯದಕ್ಕೆ: ‘ಹಿಂದಿನ ಸಾಲಿನ ದನಿಯಲ್ಲಿಯೇ. “ಕೆಲಸವೂ” ಎಂಬಲ್ಲಿ “ಊ” ಇದೆ; ಅದು ಸಾಕು. ಇದು ದೂರಲ್ಲ, ಹಿಂದಿನ ಸಾಲಿನಿಂದ ತಾನಾಗಿ ಬರುವ ಮಾತು.’

ಏಳನೆಯದಕ್ಕೆ: ‘ಊರನ್ನು ಕಾಣದವರಿಗೆ ಹೇಳುತ್ತಿದ್ದೀರಿ. ಮುದುಕರು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಾರೆ.’

ಏಳನೆಯ ಸಾಲಿಗೆ ಭಾವದ ಹೆಸರು ಬರೆದಿಲ್ಲ. ಕೇಳುವವರು ಯಾರು, ಪಕ್ಕದಲ್ಲಿರುವವರು ಯಾರು ಎಂಬೆರಡನ್ನು ತಿಳಿಸಿದರೆ ಒಬ್ಬ ಮರ್ಯಾದಸ್ಥನ ದನಿ ತಾನಾಗಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ಎದುರಿಗಿರುವವರ ಕಷ್ಟವನ್ನು ಅವರ ಮುಂದೆಯೇ ಪರಊರಿನವರಿಗೆ ಹೇಳುವಾಗ ನಮ್ಮಲ್ಲಿ ಯಾರೂ ಕಂಠ ತುಂಬಿಕೊಳ್ಳುವುದಿಲ್ಲ, ಪಿಸುಗುಟ್ಟುವುದೂ ಇಲ್ಲ. ಸಂಗತಿಯನ್ನು ಇದ್ದಷ್ಟು ಹೇಳಿ ಸುಮ್ಮನಾಗುತ್ತೇವೆ. ನಿರೂಪಕರು ಮೂರು ಸಲ ಓದಿದರು. ಮೊದಲನೆಯದರಲ್ಲಿ ‘ಈಗಲೂ’ ಎಂಬುದು ಅಭ್ಯಾಸಬಲದಿಂದ ತುಸು ಎಳೆಯಿತು. ಎರಡನೆಯದು ತೀರ ಒಣಗಿತ್ತು, ವರದಿ ಓದಿದಂತಿತ್ತು. ಮೂರನೆಯದನ್ನು ಇಟ್ಟುಕೊಂಡೆವು.

ಆ ಊರಿನ ಶಾಲೆಯ ಜಗಲಿಯಲ್ಲಿ ಚಿತ್ರವನ್ನು ಎರಡನೆಯ ಸಲ ತೋರಿಸಿದಾಗ ಮಗ ಏಳಲಿಲ್ಲ. ಮುದುಕರು, “ಹನ್ನೆರಡಲ್ಲ, ಈ ಸಂಕ್ರಾಂತಿಗೆ ಹದಿಮೂರು” ಎಂದು ತಿದ್ದಿದರು. ಆ ಒಂದು ಪದವನ್ನು ಮತ್ತೆ ನುಡಿಸಿ ಸೇರಿಸಲಾಯಿತು. ಏಳನೆಯ ಸಾಲಿನ ಅನಂತರ ಚಿತ್ರವು ನಾಲ್ಕು ಸೆಕೆಂಡು ಏರಿಯ ಮೇಲೆ ನಿಲ್ಲುತ್ತದೆ. ಅದು ಸಂಕಲನಕಾರರ ಪ್ರತಿಯಲ್ಲಿ ಮಾತ್ರ ಬರೆದಿದೆ.